‘ತೆರಿಗೆ ಕಡಿತ’ದ ಸರ್ಟಿಫಿಕೇಟ್ ಅಂದ್ರೆ ಕ್ಲೈಂಟ್‌ಗೆ ಬೇರೆ ಅರ್ಥ ಆಯ್ತು, ಸರಿಯಾದ ಪದ ಯಾವ್ದು?

ಅನುವಾದಕಿ, ಬೆಂಗಳೂರು

ಎಲ್ರಿಗೂ ನಮಸ್ಕಾರ. ಒಂದು ಕಂಪನಿಗೆ 2025ರ ಜನವರಿ, ಫೆಬ್ರವರಿ, ಮಾರ್ಚ್ ಮೂರು ತಿಂಗಳು ಅನುವಾದ ಮಾಡ್ಕೊಟ್ಟೆ, ತಿಂಗಳಿಗೊಂದು ಬಿಲ್ಲು, ತಲಾ 40,000. ಪ್ರತಿ ಸಲ ಖಾತೆಗೆ ಬಂದಿದ್ದು 36,000, ಉಳಿದ 4,000 ಟಿಡಿಎಸ್ ಅಂದ್ರು, ಸರಿ. ಹಾಗೆ ಹಿಡಿದಿದ್ದಕ್ಕೆ ಅವರು ಕೊಡಬೇಕಾದ ಪ್ರಮಾಣಪತ್ರ, 16ಎ, ಜೂನ್ 15 ಕಳೆದ್ರೂ ಬರ್ಲಿಲ್ಲ. ಅವರ ಅಕೌಂಟ್ಸ್‌ನವ್ರು ಕನ್ನಡದಲ್ಲೇ ಬರೀತಾರೆ, ಹಾಗಾಗಿ ನಾನೂ “ನನ್ನ ತೆರಿಗೆ ಕಡಿತ ಪ್ರಮಾಣಪತ್ರ ಕಳಿಸಿಕೊಡಿ” ಅಂತ ಬರೆದೆ. ಬಂದ ಉತ್ತರ ನೋಡಿ: “ಮೇಡಂ, ಅದನ್ನ ನೀವೇ ಇಲಾಖೆಯಿಂದ ತಂದು ನಮಗೆ ಕೊಡಬೇಕು, ಕೊಟ್ಟರೆ ಮುಂದಿನ ಬಿಲ್ಲಿಂದ ಕಡಿಮೆ ಹಿಡೀತೀವಿ.”

ನನ್ನ ವಾಕ್ಯದಲ್ಲಿ ತಪ್ಪೇನಿದೆ? ‘ಮುರ್ಕೊಂಡ ತೆರಿಗೆ’ ಅಂದಿದ್ರೆ ಸರಿಹೋಗ್ತಿತ್ತಾ?

ನಿವೃತ್ತ ಲೆಕ್ಕಿಗ, ಧಾರವಾಡ

ಅವ್ರ ಉತ್ತರದಾಗ ಅರ್ಥ ಐತ್ರಿ. ನಮ್ಗ ತೆರಿಗಿ ಕಮ್ಮಿ ಹಿಡೀರಿ ಅಂತ ಅರ್ಜಿ ಹಾಕಿ ಇಲಾಖೆಯಿಂದ ತರೋ ಪತ್ರ ಒಂದು ಬ್ಯಾರೇನ ಐತಿ, ಅದನ್ನ ರೊಕ್ಕಾ ತಗೊಳ್ಳೋರು ಕೊಡೋರಿಗೆ ಕೊಡ್ತಾರ. 16ಎ ಹಂಗಲ್ಲ, ಕೊಡೋರು ತಗೊಳ್ಳೋರಿಗೆ ಕೊಡೋದು. ನೀವು ಬರೆದ ಮಾತು ಎರಡಕ್ಕೂ ಹೊಂದತೈತಿ. ಬಜೆಟ್ ದಿನ ಪೇಪರ್‌ನಾಗ ‘ತೆರಿಗೆ ಕಡಿತ’ ಅಂತ ಬಂದ್ರ ತೆರಿಗಿ ಇಳೀತು ಅಂತನ ಓದ್ತೇವಿ, ಹೌದಲ್ರಿ? ಕಡಿತ ಅನ್ನೋ ನಾಮಪದದಾಗ ಯಾರು ಕಡಿದ್ರು, ಎದರಾಗಿಂದ ಕಡಿದ್ರು ಅನ್ನೋದ ಇಲ್ಲ.

ಹಳೇ ಲೆಕ್ಕದ ಪುಸ್ತಕದಾಗ ಇದಕ್ಕ ‘ವಜಾ’ ಅಂತ ಬರೀತಿದ್ವಿ, ಈಗ ಹಂಗ ಬರೆದ್ರ ಕೆಲಸದಿಂದ ತಗದ್ರು ಅಂತ ತಿಳ್ಕೊಂತಾರ.

ಮೈಸೂರು

ನನಗೂ ಇದೇ ಕಷ್ಟ, ಬ್ಯಾಂಕಿನವರು ಎಫ್‌ಡಿ ಬಡ್ಡೀಲಿ ಮುರ್ಕೊಂಡ್ಬಿಟ್ರು, ತೆರಿಗೆ ಹಿಡೀಬೇಡಿ ಅಂತ ಬರ್ಕೊಡೋ 15ಜಿ ಫಾರಂ ಕೊಡೋದು ಮರೆತಿದ್ದೆ, ಈಗ ರಿಟರ್ನ್ ಹಾಕಿ ವಾಪಸ್ ತಗೋಬೇಕಂತೆ. ನೀವೂ 15ಜಿ ಕೊಟ್ಬಿಡಿ.

ಅನುವಾದಕಿ

ಅದು ಬಡ್ಡಿಗೆ ಮೇಡಂ, ನಂದು ಕೆಲಸದ ಫೀಸು, ಇಲ್ಲಿ 15ಜಿ ನಡೆಯಲ್ಲ. ನಂಗೆ ಬೇಕಿರೋದು ಆಗ್ಲೇ ಹಿಡಿದಿರೋದಕ್ಕೆ ಕಾಗದ.

ಸಾಫ್ಟ್‌ವೇರ್ ಫ್ರೀಲ್ಯಾನ್ಸರ್, ಬೆಂಗಳೂರು

ಕಾಗದ ಯಾಕೆ ಬೇಕು? ತೆರಿಗೆ ಇಲಾಖೆ ಪೋರ್ಟಲ್‌ನಲ್ಲಿ 26ಎಎಸ್ ತೆಗೀರಿ, ನಿಮ್ಮ ಹೆಸರಲ್ಲಿ ಹಿಡಿದು ಕಟ್ಟಿರೋ ತೆರಿಗೆ ಎಲ್ಲಾ ಅಲ್ಲೇ ಇರುತ್ತೆ, ರಿಟರ್ನ್‌ಗೆ ಅಷ್ಟೇ ಸಾಕು. ನಾನು ಯಾವತ್ತೂ 16ಎ ಕೇಳಿಲ್ಲ.

ಅನುವಾದಕಿ

ನೋಡಿದೆ. ಜನವರಿ, ಫೆಬ್ರವರಿದು ಸೇರಿ 8,000 ಇದೆ, ಮಾರ್ಚ್ ಬಿಲ್ಲಿನ 4,000 ಇಲ್ಲವೇ ಇಲ್ಲ!

ಧಾರವಾಡ

26ಎಎಸ್ ನೋಡ್ರಿ ಅಂದಿದ್ದು ಅರ್ಧ ಖರೇ, ಕ್ರೆಡಿಟ್ ಸಿಗೋದು ಅದರ ಮ್ಯಾಲೇನ. ಆದ್ರ ಇಲ್ಲಿ ಬರೇ 16ಎ ಕೇಳಿದ್ರೂ ಆಗಂಗಿಲ್ರಿ. ಅದನ್ನ ಅವರು ಕೈಯಾಗ ಟೈಪ್ ಮಾಡಂಗಿಲ್ಲ, ಇಲಾಖೆಯ ಟ್ರೇಸಸ್ ಸೈಟಿನಿಂದ ಇಳಿಸಬೇಕು, ಅದು ಅವರು ಹಾಕಿದ ಟಿಡಿಎಸ್ ರಿಟರ್ನ್ ನೋಡೇ ತಯಾರಾಗ್ತದ. ರಿಟರ್ನ್‌ನಾಗ ಮಾರ್ಚ್ ಬಿಲ್ಲು ಬಿಟ್ಟಿದ್ರ ಸರ್ಟಿಫಿಕೇಟ್‌ನಾಗೂ 8,000ನೇ ಬರ್ತದ. ಮಾರ್ಚ್ ಬಿಲ್ಲಿನ ರೊಕ್ಕಾ ಯಾವಾಗ ಬಂತು?

ಅನುವಾದಕಿ

ಏಪ್ರಿಲ್ 11ಕ್ಕೆ.

ಧಾರವಾಡ

ಅಲ್ಲೇ ಇರಬೇಕು ನೋಡ್ರಿ. ಬಿಲ್ಲು ಲೆಕ್ಕಕ್ಕ ಹಿಡಿದ ದಿನ, ರೊಕ್ಕಾ ಕೊಟ್ಟ ದಿನ, ಇವೆರಡರಾಗ ಯಾವ್ದು ಮೊದಲೋ ಅವತ್ತ ತೆರಿಗಿ ಹಿಡೀಬೇಕು. ಅವರು ಬಿಲ್ಲು ಏಪ್ರಿಲ್‌ನಾಗ ಲೆಕ್ಕಕ್ಕ ತಗೊಂಡಿದ್ರ ಅದು ಮುಂದಿನ ವರ್ಷದ ಮೊದಲ ಕ್ವಾರ್ಟರಿಗೆ ಹೋಗ್ತದ. ಮಾರ್ಚ್‌ನಾಗ ತಗೊಂಡೂ ಬಿಟ್ಟಿದ್ರ ರಿಟರ್ನ್ ತಿದ್ದಿ ಮತ್ತ ಹಾಕಬೇಕು. ಯಾವ್ದಂತ ಮೊದಲ ಕೇಳ್ರಿ.

‘ಮುರ್ಕೊಂಡ್ರಿ’ ಅಂತ ಮಾತ್ರ ಬರೀಬ್ಯಾಡ್ರಿ. ಅದರಾಗಿನ ‘ಕೊಂಡ್ರಿ’ ಅಂದ್ರ ತಮ್ಮ ಹತ್ರ ಇಟ್ಕೊಂಡ್ರು ಅನ್ನೋ ಆಪಾದನೆ ಬರ್ತದ, ಆ ರೊಕ್ಕಾ ಸರಕಾರಕ್ಕ ಹೋಗಿರಬೇಕಲ್ಲ.

ಮಂಗಳೂರು

ನಂಗೆ ಅದು ಆಪಾದನೆ ಅಂತ ಕಾಣ್ಸುದಿಲ್ಲ, ‘ಸಂಬಳದಲ್ಲಿ ಮುರ್ಕೊಂಡ್ರು’ ಅಂತ ಸಾಧಾರಣವಾಗಿ ಹೇಳ್ತಾರಲ್ಲ. ಟಿಡಿಎಸ್‌ಗೆ ‘ಮೂಲದಲ್ಲಿ ತೆರಿಗೆ ಕಡಿತ’ ಅಂತ ಬರೀತಾರಲ್ಲ, ಆ ‘ಮೂಲದಲ್ಲಿ’ ಅನ್ನುದೇ ಹೆಚ್ಚು ತೊಂದರೆ, ಮೊದಲಿಗೆ ಅಂತಲೂ ಆಗ್ತದೆ. ‘ಕೊಡುವಾಗಲೇ ಹಿಡಿದ ತೆರಿಗೆ’ ಅಂದ್ರೆ ಯಾರಿಗೂ ಗೊಂದಲ ಇಲ್ಲ.

ಅನುವಾದಕಿ

‘ಕೊಡುವಾಗಲೇ ಹಿಡಿದ’ ನಂಗೂ ಇಷ್ಟ ಆಯ್ತು. ಇವತ್ತು ಹೀಗೆ ಕಳಿಸಿದೆ:

“ಜನವರಿ, ಫೆಬ್ರವರಿ, ಮಾರ್ಚ್ 2025ರ ಮೂರು ಬಿಲ್ಲಿನ ಹಣ ಕೊಡುವಾಗ ತಲಾ 4,000 ರೂ. ತೆರಿಗೆ ಹಿಡಿದಿದ್ದೀರಿ. ಹಾಗೆ ಹಿಡಿದು ಸರ್ಕಾರಕ್ಕೆ ಕಟ್ಟಿದ್ದಕ್ಕೆ ನೀವು ನನಗೆ ಕೊಡಬೇಕಾದ 16ಎ ಕಳಿಸಿ. 26ಎಎಸ್‌ನಲ್ಲಿ 8,000 ಮಾತ್ರ ಕಾಣುತ್ತಿದೆ. ಮಾರ್ಚ್ ಬಿಲ್ಲನ್ನು ಯಾವ ಕ್ವಾರ್ಟರಿನಲ್ಲಿ ತೋರಿಸಿದ್ದೀರಿ, ಯಾವ ತಾರೀಖಿಗೆ ಕಟ್ಟಿದ್ದೀರಿ ತಿಳಿಸಿ.”

ಸಾಯಂಕಾಲ ಎರಡು ಬಿಲ್ಲಿನ 16ಎ ಬಂತು. ಮಾರ್ಚ್‌ದು ಆಡಿಟರನ್ನ ಕೇಳಿ ಹೇಳ್ತೀವಿ ಅಂದಿದ್ದಾರೆ. ಅಷ್ಟರಲ್ಲಿ ‘ಹಿಡಿದ’ ಅಂದ್ರೆ ‘ತಡೆಹಿಡಿದ’ ಅನ್ನೋ ಅರ್ಥ ಬರುತ್ತೆ ಅಂತ ಯಾರಿಗಾದ್ರೂ ಅನ್ಸಿದ್ರೆ ಹೇಳಿ, ನನ್ನ ಬಿಲ್ಲಿನ ಕೆಳಗೆ ಖಾಯಂ ಹಾಕ್ಕೊಳ್ಳೋಣ ಅಂತಿದೀನಿ.