ಅಪ್‌ಡೇಟ್: ಲ್ಯಾವೆಂಡರ್ ಎಣ್ಣೆಯ ಕಲಬೆರಕೆ ಸಿಕ್ಕಿಬಿತ್ತು

ನನ್ನ ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಾಬೂನು ತಯಾರಿಸುತ್ತೇನೆ. ಲ್ಯಾವೆಂಡರ್ ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಜಿಸಿ ಪರೀಕ್ಷೆಯ ವರದಿಯಲ್ಲಿ ಅದರ ಮುಖ್ಯ ಸುವಾಸನೆಯ ಅಂಶಗಳಾದ ಲಿನಲೂಲ್ 34%, ಲಿನಲೈಲ್ ಅಸಿಟೇಟ್ 38% ಇದೆ. ಇದು ಶುದ್ಧವೇ?

ಶುದ್ಧವಲ್ಲ! ಕಾಗದದ ಮೇಲೆ ಹನಿ ಹಾಕಿ ನೋಡುವ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಅಡುಗೆ ಎಣ್ಣೆ ಬೆರೆಸಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಆದರೆ ಕೃತಕ ಲಿನಲೂಲ್ ಅಸಲಿಯಂತೆಯೇ ಆರಿಹೋಗುತ್ತದೆ.

ಫಲ ಕೊಟ್ಟದ್ದು "ವರದಿಯ ಗ್ರಾಫಿನಲ್ಲಿ ದೊಡ್ಡ ಶೃಂಗಗಳನ್ನು ಬಿಟ್ಟು ಪುಟ್ಟವನ್ನು ನೋಡಿ" ಎಂದವರ ಮಾತು. ಪಟ್ಟಿಯ ಕೊನೆಯ ಪುಟದಲ್ಲಿ ಡೈಹೈಡ್ರೊಲಿನಲೂಲ್ 0.3% ಇತ್ತು. ಕಾರ್ಖಾನೆಯಲ್ಲಿ ಲಿನಲೂಲ್ ತಯಾರಿಸುವಾಗ ಉಳಿಯುವ ಅಂಶವಿದು. ಖಚಿತಪಡಿಸಿಕೊಳ್ಳಲು, ಒಂದೇ ಅಣುವಿನ ಎಡಮುರಿ, ಬಲಮುರಿ ರೂಪಗಳನ್ನು ಬೇರ್ಪಡಿಸುವ ಕೈರಲ್ ಕಾಲಂನಲ್ಲಿ ಪರೀಕ್ಷೆ ಮಾಡಿಸಿದೆ. ಅಸಲಿ ಲ್ಯಾವೆಂಡರ್‌ನಲ್ಲಿ ಲಿನಲೂಲ್ ಬಹುಪಾಲು ಎಡಮುರಿ ರೂಪದಲ್ಲಿಯೇ ಇರುತ್ತದೆ. ನನ್ನ ಮಾದರಿಯಲ್ಲಿ ಬಲಮುರಿಯೂ ಧಾರಾಳವಾಗಿತ್ತು. ಅಸಲಿ ಎಣ್ಣೆಯ ಶೇಕಡಾವಾರಿಗೆ ಸರಿಹೊಂದುವಂತೆಯೇ ಅಳೆದು ಬೆರೆಸಿದ್ದಾರೆ ಎಂಬುದು ನನ್ನನ್ನು ದಂಗುಬಡಿಸಿತು. ಡಬ್ಬಿಗಳನ್ನು ಹಿಂದಿರುಗಿಸಿದ್ದೇನೆ.