120 ಪ್ರೂಫ್ ಬಾಟಲಿ, 75 ಪ್ರೂಫ್ ಬಾಟಲಿ: ಲಾರ್ಜ್ ಲೆಕ್ಕ ಹೇಗೆ?

ಬೆಣ್ಣೆನಗರಿ
ಅಮೆರಿಕದಿಂದ ಬಂದ ಭಾಮೈದ ಒಂದು ಬರ್ಬನ್ ಬಾಟಲಿ ತಂದಿದ್ದಾನೆ. ಮೇಲೆ 'ಬ್ಯಾರೆಲ್ ಪ್ರೂಫ್, 120 ಪ್ರೂಫ್' ಅಂತಿದೆ. ಮನೆಯಲ್ಲಿರೋ ನಮ್ಮ ರಮ್ ಬಾಟಲಿ ಮೇಲೆ '75° ಪ್ರೂಫ್, 25° ಯು.ಪಿ.' ಅಂತಿದೆ. ಏನಿದು ಲೆಕ್ಕ? ಮಾವನವರು ಸಂಜೆ ಒಂದು ಲಾರ್ಜ್ ತಗೊಳ್ಳೋರು. ಇದನ್ನೂ ಅಷ್ಟೇ ಸುರಿದು ಕೊಡಬಹುದಾ? ಕುಡಿದು ನೋಡಿದವರು ಹೇಳಿ.

ಕೋಲಾರದ ಹುಡುಗ
ತುಂಬಾ ಸುಲಭ ಬ್ರದರ್. ಪ್ರೂಫ್ ಅಂದ್ರೆ ಆಲ್ಕೋಹಾಲ್‌ನ ಎರಡರಷ್ಟು. ಅರ್ಧ ಮಾಡಿ, ಮುಗೀತು. ನಿಮ್ಮ ಬರ್ಬನ್ 60 ಪರ್ಸೆಂಟ್. ರಮ್ 37.5 ಪರ್ಸೆಂಟ್. ನಮ್ಮ ಕಂಪನಿಗಳು ನೀರು ಬೆರೆಸಿ ಕೊಡ್ತಾರೆ ಅಂತ ಸುಮ್ನೆ ಹೇಳ್ತಾರಾ ಜನ!

ನಿವೃತ್ತ ಲ್ಯಾಬ್
ಬರ್ಬನ್ ಲೆಕ್ಕ ಸರಿ ಇದೆ. ರಮ್ ಲೆಕ್ಕ ತಪ್ಪು. ಬೆಣ್ಣೆನಗರಿಯವರೇ, ಅದೇ ರಮ್ ಬಾಟಲಿಯನ್ನು ಇನ್ನೊಂದು ಸಲ ತಿರುಗಿಸಿ ನೋಡಿ. '42.8% ವಿ/ವಿ' ಅಂತ ಎಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ. ನಂಬಬೇಕಾದ ಸಂಖ್ಯೆ ಅದೊಂದೇ. ನೂರು ಎಂಎಲ್ ಮದ್ಯದಲ್ಲಿ 42.8 ಎಂಎಲ್ ಆಲ್ಕೋಹಾಲ್ ಅಂತ ಅರ್ಥ.

ಹಾಗಾದರೆ 75 ಎಲ್ಲಿಂದ ಬಂತು? ಅಮೆರಿಕದವರ ಪ್ರೂಫ್ ಬೇರೆ, ಬ್ರಿಟಿಷರ ಪ್ರೂಫ್ ಬೇರೆ. ಅಮೆರಿಕದಲ್ಲಿ 100 ಪ್ರೂಫ್ ಅಂದರೆ 50 ಪರ್ಸೆಂಟ್. ಬ್ರಿಟಿಷರ ಅಳತೆಯಲ್ಲಿ 100 ಪ್ರೂಫ್ ಅಂದರೆ 57.1 ಪರ್ಸೆಂಟ್. ಮದ್ಯವನ್ನು ಗನ್‌ಪೌಡರ್ ಮೇಲೆ ಸುರಿದು ಬೆಂಕಿ ಇಡೋದು, ಪುಡಿ ಹೊತ್ತಿಕೊಂಡರೆ ಮಾಲು ಗಟ್ಟಿ ಅನ್ನೋದು, ಈ ಕಥೆಯನ್ನು ಎಲ್ಲರೂ ಕೇಳಿರುತ್ತೀರಿ. ಆದರೆ ಅದನ್ನು ನಂಬಿ ಸುಂಕ ವಸೂಲಿ ಮಾಡೋಕಾಗಲ್ಲ. 19ನೇ ಶತಮಾನದ ಮೊದಲಲ್ಲೇ ಅವರು ತೂಕಕ್ಕೆ ಬಂದರು. 51 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಪಾತ್ರೆ ನೀರು 13 ತೂಗಿದರೆ, ಅದೇ ಪಾತ್ರೆ ತುಂಬ ಮದ್ಯ 12 ತೂಗಬೇಕು. ಅದು 'ಪ್ರೂಫ್' ಮದ್ಯ. ಅದನ್ನು ಅಳೆಯೋ ಸೈಕ್ಸ್ ಹೈಡ್ರಾಮೀಟರ್ ನಮ್ಮ ದೇಶದ ಅಬಕಾರಿಗೂ ಬಂತು. ಬ್ರಿಟನ್‌ನವರು 1980ರಲ್ಲಿ ಪರ್ಸೆಂಟಿಗೆ ಬದಲಾಯಿಸಿಕೊಂಡರು. ನಮ್ಮ ಲೇಬಲ್ ಮೇಲೆ ಹಳೆಯದು ಇನ್ನೂ ಉಳಿದಿದೆ.

ಈಗ ನಿಮ್ಮ ರಮ್. ಪ್ರೂಫ್‌ಗಿಂತ 25 ಡಿಗ್ರಿ ಕೆಳಗೆ, ಅಂದರೆ 'ಅಂಡರ್ ಪ್ರೂಫ್', ಅದಕ್ಕೇ 25° ಯು.ಪಿ. ಅಂದರೆ ನೂರಕ್ಕೆ 75. 57.1ರಲ್ಲಿ ಮುಕ್ಕಾಲು ಪಾಲು ತೆಗೀರಿ, 42.8 ಬರುತ್ತೆ. ಯಾರೂ ನಿಮಗೆ ನೀರು ಬೆರೆಸಿ ಮೋಸ ಮಾಡಿಲ್ಲ. ಕೋಲಾರದವರು ಅಂದುಕೊಂಡ 37.5 ಅಲ್ಲ.

ಗಾಂಧಿಬಜಾರ್
ಅಯ್ಯೋ, ಯು.ಪಿ. ಅಂದ್ರೆ ಉತ್ತರ ಪ್ರದೇಶದಲ್ಲಿ ತಯಾರಾದದ್ದು ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ! ನಮ್ಮ ಕಡೆಯ ಬಾಟಲಿಯ ಮೇಲೂ ಯಾಕಿರುತ್ತೆ ಅಂತ ಯೋಚನೇನೇ ಮಾಡಿರಲಿಲ್ಲ.

ಲಂಡನ್ ಸೊಸೆ
ಲ್ಯಾಬ್ ಸರ್ ಹೇಳಿದ್ದಕ್ಕೆ ಒಂದು ಒಳ್ಳೆ ಉದಾಹರಣೆ ಇದೆ. ಸ್ಕಾಟ್ಲೆಂಡಿನ ಗ್ಲೆನ್‌ಫಾರ್ಕ್ಲಸ್‌ನವರ '105' ಅನ್ನೋ ಸಿಂಗಲ್ ಮಾಲ್ಟ್. ನನ್ನ ಗಂಡನ ಅಮೆರಿಕದ ಸ್ನೇಹಿತರೊಬ್ಬರು ಅದನ್ನು 105 ಪ್ರೂಫ್ ಅಂತ ಓದಿಕೊಂಡು 52.5 ಪರ್ಸೆಂಟ್ ಅಂದುಕೊಂಡಿದ್ದರು. ಒಂದೇ ಗುಟುಕಿಗೆ ಕಣ್ಣಲ್ಲಿ ನೀರು ಬಂತು! ಅದು ಬ್ರಿಟಿಷರ 105. ಅಂದರೆ 60 ಪರ್ಸೆಂಟ್. ಬೆಣ್ಣೆನಗರಿಯವರ 120 ಪ್ರೂಫ್ ಬರ್ಬನ್ ಕೂಡ 60 ಪರ್ಸೆಂಟೇ. ಬಾಟಲಿ ಮೇಲಿನ ಸಂಖ್ಯೆ 105, 120. ಒಳಗಿನ ಗಟ್ಟಿತನ ಒಂದೇ!

ಕೋಲಾರದ ಹುಡುಗ
ಒಪ್ಕೊಂಡೆ ಸಾರ್. ಆದ್ರೂ ಒಂದು ಪ್ರಶ್ನೆ. ಗಟ್ಟಿ ಇದ್ದರೆ ಜಾಸ್ತಿ ವರ್ಷ ಪೀಪಾಯಿಯಲ್ಲಿ ಇಟ್ಟಿರ್ತಾರೆ ಅಂತ ತಾನೆ? ಕಾಸ್ಕ್ ಸ್ಟ್ರೆಂತ್ ಅಂದ್ರೆ ಅದೇ ಅಲ್ವಾ?

ನಿವೃತ್ತ ಲ್ಯಾಬ್
ಅಲ್ಲ. ಕಾಸ್ಕ್ ಸ್ಟ್ರೆಂತ್ ಅಂದರೆ ಪೀಪಾಯಿಯಿಂದ ತೆಗೆದ ಮೇಲೆ ಬಾಟಲಿಗೆ ಹಾಕುವ ಮುಂಚೆ ನೀರು ಹಾಕಿ ಇಳಿಸಿಲ್ಲ ಅಂತ. ಸಾಮಾನ್ಯ ವಿಸ್ಕಿಯನ್ನು 40 ಅಥವಾ 42.8ಕ್ಕೆ ಇಳಿಸಿ ತುಂಬುತ್ತಾರೆ. ವಯಸ್ಸಿಗೂ ಅದಕ್ಕೂ ನೇರ ಸಂಬಂಧ ಇಲ್ಲ.

ಸ್ಕಾಟ್ಲೆಂಡ್‌ನಲ್ಲಿ ಹೊಸ ಮದ್ಯವನ್ನು ಸಾಮಾನ್ಯವಾಗಿ 63.5 ಪರ್ಸೆಂಟಿಗೆ ತಂದು ಪೀಪಾಯಿಗೆ ಹಾಕುತ್ತಾರೆ. ತಂಪು, ತೇವದ ಗೋದಾಮು. ಅಲ್ಲಿ ನೀರಿಗಿಂತ ಆಲ್ಕೋಹಾಲ್ ಬೇಗ ಆವಿಯಾಗುತ್ತೆ. ವರ್ಷ ಕಳೆದಂತೆ ಗಟ್ಟಿತನ ಇಳಿಯುತ್ತೆ. ಅಂದರೆ ಅಲ್ಲಿ ಹಳೇ ಪೀಪಾಯಿಯೇ ಸಪ್ಪೆ. ತುಂಬಾ ಹಳೆಯದಾಗಿ 40ರ ಕೆಳಗೆ ಹೋದರೆ ಅದನ್ನು ಸ್ಕಾಚ್ ಅಂತ ಮಾರೋ ಹಾಗೇ ಇಲ್ಲ.

ಬರ್ಬನ್ ತಯಾರಾಗೋ ಅಮೆರಿಕದ ಕೆಂಟಕಿಯಲ್ಲಿ ಉಲ್ಟಾ. ಬೇಸಿಗೆಯಲ್ಲಿ ಗೋದಾಮಿನ ಮೇಲಂತಸ್ತು ಒಣಗಿ ಕಾಯುತ್ತೆ, ಅಲ್ಲಿ ನೀರೇ ಮೊದಲು ಹೋಗುತ್ತೆ. ಬರ್ಬನ್ ಪೀಪಾಯಿಗೆ ಹಾಕುವಾಗ 125 ಪ್ರೂಫ್ ಮೀರಬಾರದು ಅಂತ ಅಲ್ಲಿನ ಕಾನೂನು. ಹಾಗಿದ್ದೂ 130 ದಾಟಿದ ಬಾಟಲಿಗಳು ಬರುತ್ತವೆ. ಒಳಗೇ ಏರಿದ್ದು ಅದು.

ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಕಾಸ್ಕ್ ಸ್ಟ್ರೆಂತ್ ಸಿಂಗಲ್ ಮಾಲ್ಟ್ 61.8 ಪರ್ಸೆಂಟ್. ಅಮೆರಿಕದ ಲೆಕ್ಕಕ್ಕೆ 123.6 ಪ್ರೂಫ್, ಬ್ರಿಟಿಷ್ ಲೆಕ್ಕಕ್ಕೆ ಸುಮಾರು 108. ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ ಸುಮಾರು ಎರಡು ಪರ್ಸೆಂಟ್ ಆವಿಯಾಗಿ ಹೋದರೆ, ನಮ್ಮ ಸೆಕೆಗೆ ಅದರ ಐದಾರು ಪಟ್ಟು ಹೋಗುತ್ತೆ. ಇಲ್ಲಿ ಹನ್ನೆರಡು, ಹದಿನೆಂಟು ವರ್ಷ ಅಂತ ಕಾದು ಕೂತರೆ ಪೀಪಾಯಿಯಲ್ಲಿ ಉಳಿಯೋದು ತಳದಲ್ಲಿ ಒಂದಿಷ್ಟು.

ಮಡಿಕೇರಿ ಮಳೆ
ಸರ್, ಒಂದು ಆಕ್ಷೇಪ. ಮೇಡಂ ಹೇಳಿದ ಆ 105 ಪ್ರತಿ ಸಲವೂ ಸರಿಯಾಗಿ 60 ಪರ್ಸೆಂಟೇ ಇರುತ್ತೆ. ಪೀಪಾಯಿಯಿಂದ ಹಾಗೇ ತೆಗೆದರೆ ಪ್ರತಿ ಸಲ ಒಂದೇ ಸಂಖ್ಯೆ ಹೇಗೆ ಬರುತ್ತೆ? ಅಬರ್‌ಲೋರ್‌ನವರ ಅಬುನಾ ನೋಡಿ, ಪ್ರತಿ ಬ್ಯಾಚಿಗೂ ಬೇರೆ ಬೇರೆ ಸಂಖ್ಯೆ, ಪಾಯಿಂಟ್ ಸಮೇತ. ನನ್ನ ಪ್ರಕಾರ ಅದೇ ನಿಜವಾದ ಕಾಸ್ಕ್ ಸ್ಟ್ರೆಂತ್.

ನಿವೃತ್ತ ಲ್ಯಾಬ್
ಗಟ್ಟಿ ಪೀಪಾಯಿ, ಸಪ್ಪೆ ಪೀಪಾಯಿ ಆರಿಸಿ ಬೆರೆಸಿದರೆ ನೀರು ಹಾಕದೆಯೇ 60ರ ಹತ್ತಿರ ತರಬಹುದು. ಅಮೆರಿಕದಲ್ಲಿ ಇದಕ್ಕೆ ಒಂದು ಗೆರೆ ಇದೆ. 'ಬ್ಯಾರೆಲ್ ಪ್ರೂಫ್' ಅಂತ ಬರೆಯಬೇಕಾದರೆ ಪೀಪಾಯಿಯಿಂದ ತೆಗೆದಾಗ ಇದ್ದದ್ದಕ್ಕಿಂತ ಎರಡು ಪ್ರೂಫ್‌ಗಿಂತ ಜಾಸ್ತಿ ಇಳಿಸೋ ಹಾಗಿಲ್ಲ. ಅಂದರೆ ಒಂದೇ ಒಂದು ಪರ್ಸೆಂಟ್. ಪ್ರತಿ ಸಲ ದುಂಡು ಸಂಖ್ಯೆ ಬಂದರೆ ಅನುಮಾನ ಪಡೋದು ತಪ್ಪಲ್ಲ. ಆದರೆ ಅದನ್ನೇ ಸಾಕ್ಷಿ ಅನ್ನೋಕಾಗಲ್ಲ.

ಮಡಿಕೇರಿ ಮಳೆ
ನಾನು ಒಪ್ಪಲ್ಲ ಬಿಡಿ. ಬೆರೆಸಿ ಸರಿ ಮಾಡಿದರೂ ಅದು 'ಸರಿ ಮಾಡಿದ್ದೇ'.

ಹುಬ್ಬಳ್ಳಿ ಮಂದಿ
ಇಷ್ಟೆಲ್ಲಾ ಯಾಕ್ರೀ? ಒಂದು ಚಮಚ ಸುರಿದು ಕಡ್ಡಿ ಗೀರ್ರಿ. ಹತ್ತಿದ್ರೆ ಅಸಲಿ ಕಾಸ್ಕ್ ಸ್ಟ್ರೆಂತ್. ನಮ್ಮ ದೋಸ್ತರೆಲ್ಲ ಹಿಂಗ ನೋಡ್ತಾರ.

ನಿವೃತ್ತ ಲ್ಯಾಬ್
ದಯವಿಟ್ಟು ಬೇಡ. 40 ಪರ್ಸೆಂಟಿನ ಮದ್ಯವೂ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಿಮ್ಮೂರಿನ ಏಪ್ರಿಲ್‌ನಲ್ಲಿ ಯಾವ ವಿಸ್ಕಿ ಆದರೂ ಹತ್ತುತ್ತೆ. ಹಾಗಾಗಿ ಅದರಿಂದ ಏನೂ ಗೊತ್ತಾಗಲ್ಲ. 60 ಪರ್ಸೆಂಟಿನದು ಇನ್ನೂ ತಂಪಲ್ಲೇ ಹತ್ತುತ್ತೆ. ಪಕ್ಕದಲ್ಲಿ ತೆರೆದ ಬಾಟಲಿ ಇದ್ದರೆ ಬಾಟಲಿಗೂ ಹಿಡಿಯಬಹುದು. ಗ್ಯಾಸ್ ಒಲೆ ಹತ್ತಿರ, ದೀಪದ ಹತ್ತಿರ ಸುರಿಯಲೇಬೇಡಿ.

ಸಿಡ್ನಿ ಕನ್ನಡಿಗ
ನಂದೊಂದು ಬೇರೆ ಪ್ರಶ್ನೆ. ಊರಿಗೆ ಬರುವಾಗ ಅಪ್ಪನಿಗೆ ಇಂಥದ್ದೊಂದು ತರಬೇಕು. ಚೆಕ್-ಇನ್ ಸೂಟ್‌ಕೇಸಿನಲ್ಲಿ ಬಿಡ್ತಾರಾ?

ಲಂಡನ್ ಸೊಸೆ
24ರಿಂದ 70 ಪರ್ಸೆಂಟ್ ಒಳಗಿದ್ದರೆ, ಅಂಗಡಿಯಿಂದ ಬಂದ ಸೀಲ್ ಹಾಗೇ ಇದ್ದರೆ, ಒಬ್ಬರಿಗೆ ಐದು ಲೀಟರ್ ತನಕ ವಿಮಾನದಲ್ಲಿ ತರಬಹುದು. 70 ದಾಟಿದರೆ ಇಲ್ಲ. ಅಮೆರಿಕದ ಲೇಬಲ್ ಮೇಲೆ 140 ದಾಟಿದೆಯಾ ಅಂತ ನೋಡಿಕೊಂಡರೆ ಸಾಕು. ಆದರೆ ಭಾರತದ ಕಸ್ಟಮ್ಸ್‌ನಲ್ಲಿ ಸುಂಕ ಇಲ್ಲದೆ ಬಿಡೋದು ಎರಡು ಲೀಟರ್ ಮಾತ್ರ. ಎರಡನ್ನೂ ಒಂದೇ ಅಂದುಕೊಂಡು ಸಿಕ್ಕಿಬೀಳಬೇಡಿ.

ಗಾಂಧಿಬಜಾರ್
ನನ್ನ ಕಥೆ ಕೇಳಿ. ದುಡ್ಡು ಕೊಟ್ಟು ಒಂದು ಕಾಸ್ಕ್ ಸ್ಟ್ರೆಂತ್ ತಂದೆ. ಐಸ್ ಹಾಕಿದ ತಕ್ಷಣ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಯ್ತು. ನಕಲಿ ಮಾಲು ಅಂತ ಅಂಗಡಿಗೆ ವಾಪಸ್ ತಗೊಂಡು ಹೋದೆ. ಅವನು ನಕ್ಕ, ತಗೊಳ್ಳಲಿಲ್ಲ. ಮೋಸ ಹೋದೆ ಅಲ್ವಾ?

ಮಡಿಕೇರಿ ಮಳೆ
ಇಲ್ಲ ಸರ್, ಮಬ್ಬಾಗೋದು ಸಾಮಾನ್ಯ. ವಿಸ್ಕಿಯಲ್ಲಿ ಎಣ್ಣೆಯಂಥ ಕೊಬ್ಬಿನ ಅಂಶಗಳು ಕರಗಿರುತ್ತವೆ. 46 ಪರ್ಸೆಂಟಿಗಿಂತ ಮೇಲಿದ್ದಾಗ ಕರಗಿಯೇ ಇರುತ್ತವೆ. ನೀರು, ತಂಪು ಎರಡೂ ಸೇರಿದಾಗ ಹೊರಗೆ ಬಂದು ಮಬ್ಬು ಕಾಣಿಸುತ್ತೆ. ಸಾಮಾನ್ಯ ವಿಸ್ಕಿಗಳಲ್ಲಿ ಎಷ್ಟೋ ಬ್ರಾಂಡ್‌ಗಳು ತಣ್ಣಗೆ ಮಾಡಿ ಸೋಸಿ ಅದನ್ನು ಮೊದಲೇ ತೆಗೆದುಬಿಡ್ತಾರೆ. ರುಚಿ ಕೆಟ್ಟಿರಲ್ಲ. ಬಾಟಲಿ ತೆರೆಯೋ ಮುಂಚೆಯೇ, ಬೆಚ್ಚಗಿನ ರೂಮಲ್ಲೂ ಮಬ್ಬಾಗಿದ್ದರೆ ಮಾತ್ರ ಅನುಮಾನ ಪಡಿ.

ಬೆಣ್ಣೆನಗರಿ
ಎಲ್ಲಾ ಸರಿ, ಮಾವನವರಿಗೆ ಎಷ್ಟು ಸುರಿಯಲಿ ಅನ್ನೋದನ್ನ ಯಾರೂ ಹೇಳಲಿಲ್ಲವಲ್ಲ!

ನಿವೃತ್ತ ಲ್ಯಾಬ್
ತಡವಾಯ್ತು, ಕ್ಷಮಿಸಿ. ಮಾವನವರ ಲಾರ್ಜ್ 60 ಎಂಎಲ್. ರಮ್ 42.8 ಪರ್ಸೆಂಟ್ ಆದ್ದರಿಂದ ಒಳಗಿರೋ ಆಲ್ಕೋಹಾಲ್ ಸುಮಾರು 25.7 ಎಂಎಲ್. ಇದೇ 60 ಎಂಎಲ್ ಬರ್ಬನ್ ಸುರಿದರೆ ಆಲ್ಕೋಹಾಲ್ 36 ಎಂಎಲ್. ರಮ್ಮಿನ ಲೆಕ್ಕಕ್ಕೆ ಅದು 84 ಎಂಎಲ್. ಲಾರ್ಜ್ ಅಂತ ಕೊಟ್ಟು ಹೆಚ್ಚುಕಡಿಮೆ ನೈಂಟಿ ಕುಡಿಸಿದ ಹಾಗಾಯ್ತು.

ಅದಕ್ಕೇ ಬರ್ಬನ್ 43 ಎಂಎಲ್ ಅಳೆದು ಹಾಕಿ. ಮೇಲೆ 17 ಎಂಎಲ್ ನೀರು. ಈಗ ಲೋಟದಲ್ಲಿ 60 ಎಂಎಲ್, ಸುಮಾರು 42.8 ಪರ್ಸೆಂಟ್. ಅವರ ಅಭ್ಯಾಸದ ಲಾರ್ಜೇ ಇದು. ಇದರ ಮೇಲೆ ಅವರು ಎಂದಿನಂತೆ ನೀರು, ಸೋಡಾ ಹಾಕಿಕೊಳ್ಳಲಿ. ನೀರು ಮದ್ಯ ಬೆರೆತಾಗ ಒಟ್ಟು ಅಳತೆ ಒಂಚೂರು ಕುಗ್ಗುತ್ತೆ, ಲೋಟದ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ. ಅಳತೆ ಕಪ್ ಇಲ್ಲದಿದ್ದರೆ ಔಷಧಿ ಬಾಟಲಿ ಜೊತೆ ಬರೋ ಗೆರೆ ಇರೋ ಮುಚ್ಚಳ ಸಾಕು. ಕಣ್ಣಳತೆ ಬೇಡ, ಇಂಥ ಬಾಟಲಿಯಲ್ಲಿ ಅದೇ ಕೈ ಕೊಡೋದು. ಬಿ.ಪಿ., ಶುಗರ್ ಮಾತ್ರೆ ತಗೊಳ್ಳೋರಾದರೆ ಡಾಕ್ಟರನ್ನು ಕೇಳಿ.

ಮಡಿಕೇರಿ ಮಳೆ
17 ಎಂಎಲ್ ಒಂದೇ ಸಲ ಹಾಕಿಬಿಟ್ಟರೆ ಮಜಾ ಏನು ಸರ್? ಮೊದಲು ನೀರಿಲ್ಲದೆ ಬರೀ ಮೂಸಿ ನೋಡಬೇಕು. ಮೂಗು ಲೋಟದೊಳಗೆ ಇಳಿಸದೆ, ಬಾಯಿ ಸ್ವಲ್ಪ ತೆರೆದು. ಆಮೇಲೆ ಅರ್ಧ ಚಮಚ ನೀರು, ಒಂದು ಗುಟುಕು. ಮತ್ತೆ ಅರ್ಧ ಚಮಚ. ಸುಡೋದು ಕಡಿಮೆಯಾಗಿ ರುಚಿ ಸಿಗೋ ಜಾಗ ಬರುತ್ತೆ, ಅಲ್ಲಿ ನಿಲ್ಲಿಸಬೇಕು. ನನಗೆ ಅದು 50ರ ಆಸುಪಾಸು.

ಹುಬ್ಬಳ್ಳಿ ಮಂದಿ
ನೀರು ಹಾಕೋದಾದ್ರ ಕಾಸ್ಕ್ ಸ್ಟ್ರೆಂತ್ ಯಾಕ್ ತರಬೇಕ್ರೀ?

ಲಂಡನ್ ಸೊಸೆ
ಎಷ್ಟು ನೀರು ಹಾಕಬೇಕು ಅಂತ ಫ್ಯಾಕ್ಟರಿಯವರ ಬದಲು ನಾವೇ ತೀರ್ಮಾನ ಮಾಡೋಕೆ!

ಬೆಣ್ಣೆನಗರಿ
ಲ್ಯಾಬ್ ಸರ್, ನಿನ್ನೆ ನಿಮ್ಮ ಲೆಕ್ಕದಂತೆ 43 ಹಾಕಿ 17 ನೀರು ಸೇರಿಸಿ ಕೊಟ್ಟೆ. ಮಾವನವರು ಕುಡಿದು, 'ಅಮೆರಿಕದ ಮಾಲು ಅಂತೀರಿ, ನಮ್ಮ ರಮ್ಮಿನಷ್ಟೇ ಇದೆಯಲ್ಲೋ' ಅಂದರು. ಇನ್ನೊಂದು ಹಾಕು ಅಂತಿದ್ದಾರೆ. ಅದಕ್ಕೇನಾದರೂ ಲೆಕ್ಕ ಇದೆಯಾ?