ಅಪ್‌ಡೇಟ್: ಸ್ಪ್ರಿಂಗ್ ಲೆಕ್ಕದ ತಪ್ಪು ಸಿಕ್ಕಿತು

ನನ್ನ ಪ್ರಶ್ನೆ: "h ಎತ್ತರದಿಂದ ಬಿದ್ದ ಗುಂಡು ಸ್ಪ್ರಿಂಗನ್ನು ಎಷ್ಟು ಕುಗ್ಗಿಸುತ್ತದೆ? ನನ್ನ ಉತ್ತರ ಯಾವ ಸಾಲಿನಲ್ಲಿ ತಪ್ಪಿದೆ?"

ನೀವು ಹೇಳಿದಂತೆ ಅಂಕಿಗಳನ್ನು ತೆಗೆದು, ಅಕ್ಷರಗಳಲ್ಲೇ ಬರೆದು, ಸಾಲು ಸಾಲಾಗಿ ಯೂನಿಟ್ ನೋಡಿದೆ. ಮೊದಲ ಸಾಲು mg(h + x) = ½kx². ಎರಡೂ ಕಡೆ ಜೌಲ್, ಸರಿ. ಮುಂದಿನ ಸಾಲು ಹೀಗಿತ್ತು:

x = [mg + √(m²g² + 2mgh)] / k

ವರ್ಗಮೂಲದೊಳಗೆ m²g² ನ್ಯೂಟನ್ ವರ್ಗ, 2mgh ಬರೀ ಜೌಲ್. ಇವೆರಡನ್ನು ಕೂಡಿಸಲು ಆಗುವುದಿಲ್ಲ ಅಲ್ವಾ! ಜೌಲ್ ಅಂದರೆ ನ್ಯೂಟನ್-ಮೀಟರ್. ಅದನ್ನು ನ್ಯೂಟನ್ ವರ್ಗ ಮಾಡಲು ಮೀಟರಿಗೆ ಇಷ್ಟು ನ್ಯೂಟನ್ ಎಂಬ ಅಳತೆ ಬೇಕು. ಅದು k. ಬಿಡಿಸುವಾಗ ಅದನ್ನೇ ಬಿಟ್ಟಿದ್ದೆ. 2kmgh ಎಂದು ತಿದ್ದಿದ ಮೇಲೆ ಉತ್ತರ ಮೀಟರಿನಲ್ಲೇ ಬಂತು.

ಆಮೇಲೆ ಬೇಕಂತಲೇ ½ ಅಳಿಸಿ ನೋಡಿದೆ. ಯೂನಿಟ್ ಏನೂ ಹೇಳಲಿಲ್ಲ. (h + x) ಬದಲು h ಅಷ್ಟೇ ಬರೆದರೂ ಅದೇ ಕಥೆ. ಅಂಥ ತಪ್ಪು ಹಿಡಿಯಲು, ತಿದ್ದಿದ ಉತ್ತರದಲ್ಲಿ h = 0 ಇಟ್ಟು ನೋಡಿದೆ: x = 2mg/k ಬರಬೇಕು, ಬಂತು.